ಸಣ್ಣ ಗ್ಲಾಸಿನ ಕಾಫಿಯೇ ನಿದ್ದೆ ಕೆಡಿಸೋದು

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ನನ್ನನ್ನೂ ನನ್ನ ನೆಗೆಣ್ಣಿಯನ್ನೂ ಬಳ್ಳಾರಿಯಲ್ಲೇ ಹೊಸದಾಗಿ ತೆರೆದಿದ್ದ ಎಸಿ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಪಟ್ಟಿಯಲ್ಲಿ ಮೋಕಾ, ಫ್ರಾಪೆ, ಅಫೊಗಾಟೊ, ಕೊರ್ಟಾಡೊ ಅಂತ ಏನೇನೋ ಹೆಸರು. ನೆಗೆಣ್ಣಿಗೆ ಸಕ್ಕರೆ ಕಾಯಿಲೆ, ಮೇಲಾಗಿ ಸಂಜೆ ಕಾಫಿ ಗಟ್ಟಿಯಾದರೆ ನಿದ್ದೆ ಹತ್ತಲ್ಲ. ಪಕ್ಕದ ಮೇಜಿನ ಮೇಲಿದ್ದ ಸಣ್ಣ ಗ್ಲಾಸು ತೋರಿಸಿ, "ನನಗ ಅದೇ ಸಾಕಪ್ಪ, ಅಷ್ಟೇ ಐತಿ, ಹಗುರ ಇರತೈತಿ" ಅಂದಳು. ಅದು ಕೊರ್ಟಾಡೊ. ಆ ರಾತ್ರಿ ಎರಡು ಗಂಟೆವರೆಗೂ ಮಾಳಿಗೆ ಮೇಲೆ ಅಡ್ಡಾಡಿದಳು. ನಾನು ಉದ್ದನೆಯ ಗ್ಲಾಸಿನ ಫ್ರಾಪೆ ಕುಡಿದು ಒಂಬತ್ತಕ್ಕೇ ಗೊರಕೆ ಹೊಡೆದೆ.

ಆಮೇಲೆ ಹದಿನೈದು ದಿನ ಮೊಮ್ಮಗನನ್ನು ಕೂರಿಸಿಕೊಂಡು ನಾಲ್ಕನ್ನೂ ಮನೆಯಲ್ಲೇ ಮಾಡಿ ನೋಡಿದೆ. ಅಂಗಡಿಯವರು ಎಸ್ಪ್ರೆಸೊ ಹಾಕುತ್ತಾರೆ. ಅಂದರೆ ನುಣ್ಣಗೆ ಬೀಸಿದ ಪುಡಿಯೊಳಗೆ ಯಂತ್ರ ಬಿಸಿನೀರನ್ನು ಜೋರಾಗಿ ಒತ್ತಿ, ಅರ್ಧ ನಿಮಿಷದಲ್ಲಿ ಇಳಿಸುವ ರಸ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುವುದರಿಂದ ಡಿಕಾಕ್ಷನ್ ಅದಕ್ಕಿಂತ ತುಸು ತೆಳು. ಆದರೂ ಗಟ್ಟಿಯಾಗಿ ತೆಗೆದರೆ ಕೆಲಸ ನಡೆಯುತ್ತದೆ. 30 ಗ್ರಾಂ ಪುಡಿಗೆ 150 ಮಿ.ಲೀ. ಕುದಿನೀರು ಹಾಕಿದರೆ ಪುಡಿಯೇ ಅರವತ್ತರಷ್ಟು ಕುಡಿದುಬಿಡುತ್ತದೆ, ಕೆಳಗೆ ಇಳಿಯುವುದು 90 ಮಿ.ಲೀ. ಆಸುಪಾಸು. ಅದು ಎರಡು ಪಾಲು. ಒಂದೊಂದು ಪಾಲಿನಲ್ಲೂ 15 ಗ್ರಾಂ ಪುಡಿಯ ಸತ್ವ. ಎರಡನೇ ಸಲ ನೀರು ಹಾಕಿ ತೆಗೆದ ಡಿಕಾಕ್ಷನ್ ಈ ಯಾವುದಕ್ಕೂ ಬೇಡ, ಅದನ್ನು ನಿಮ್ಮ ಮನೆಯವರ ಮಧ್ಯಾಹ್ನದ ಕಾಫಿಗೆ ಇಟ್ಟುಬಿಡ್ರಿ. ಪುಡಿ ಪೊಟ್ಟಣದ ಮೇಲೆ ಚಿಕೋರಿ ಎಷ್ಟಿದೆ ಅಂತಲೂ ನೋಡಬೇಕು. ಚಿಕೋರಿ ಬಣ್ಣ ಕೊಡುತ್ತದೆ, ಮಂದ ಕೊಡುತ್ತದೆ, ಕಹಿಯನ್ನೂ ಕೊಡುತ್ತದೆ, ನಿದ್ದೆ ಕೆಡಿಸುವ ಕೆಫೀನ್ ಅದರಲ್ಲಿಲ್ಲ. ನೂರಕ್ಕೆ ನಲವತ್ತು ಚಿಕೋರಿ ಇದ್ದರೆ ನಿಮ್ಮ 15 ಗ್ರಾಂನಲ್ಲಿ ನಿಜವಾದ ಕಾಫಿ ಒಂಬತ್ತೇ ಗ್ರಾಂ. ನೋಡುವುದಕ್ಕೆ ಕಪ್ಪಗಿದೆ ಅಂತ ಮೋಸ ಹೋಗಬೇಡಿ.

ಮೊದಲು ಕೊರ್ಟಾಡೊ. ಸ್ಪೇನಿನವರ ಮಾತಿನಲ್ಲಿ ಅದಕ್ಕೆ ಕತ್ತರಿಸಿದ್ದು ಅಂತ ಅರ್ಥ. ಹಾಲು ಹಾಕಿ ಕಾಫಿಯ ಖಾರವನ್ನು ಕತ್ತರಿಸುತ್ತಾರೆ, ಅಳತೆಯನ್ನಲ್ಲ. 45 ಮಿ.ಲೀ. ಡಿಕಾಕ್ಷನ್‌ಗೆ ಅಷ್ಟೇ ಹಾಲು, ಸಕ್ಕರೆ ಇಲ್ಲ, ಮೇಲೆ ಎತ್ತರದ ನೊರೆಯೂ ಇಲ್ಲ. ನಮ್ಮ ಚಹಾ ಅಂಗಡಿಯ ಸಣ್ಣ ಗ್ಲಾಸಿಗೆ ಸರಿಹೋಗುತ್ತದೆ. ಮನೆಯಲ್ಲಿ ನಾವು ಕುಡಿಯುವ ಕಾಫಿಯಲ್ಲಿ ಡಿಕಾಕ್ಷನ್ ಇಪ್ಪತ್ತು ಮಿ.ಲೀ. ಇದ್ದರೆ ಹೆಚ್ಚು, ಉಳಿದದ್ದೆಲ್ಲ ಹಾಲು. ಈಗ ಲೆಕ್ಕ ಹಾಕ್ರಿ: ನೆಗೆಣ್ಣಿ ಆ ಪುಟ್ಟ ಗ್ಲಾಸಿನಲ್ಲಿ ಕುಡಿದದ್ದು ಮನೆಯ ಎರಡು ಲೋಟಕ್ಕೂ ಮಿಕ್ಕಿ ಕಾಫಿ. ಹಾಲನ್ನು ಉಕ್ಕಿಸಬಾರದು, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಬರುವ ಮುಂಚೆಯೇ ಇಳಿಸಬೇಕು. ಎಮ್ಮೆ ಹಾಲಾದರೆ ಕೆನೆ ಸೋಸಿ ಹಾಕಿ, ಇಲ್ಲವಾದರೆ ಗುಟುಕಿಗೊಂದು ಕೆನೆ ತುಟಿಗೆ ಅಂಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾಲ್ಕರಲ್ಲಿ ಇದೇ ಒಳ್ಳೆಯದು, ಬೆಳಿಗ್ಗೆ ಕುಡಿಯಬೇಕು ಅಷ್ಟೆ.

ಫ್ರಾಪೆಯದು ಇದಕ್ಕೆ ತಿರುಗಾಮುರುಗಾ. ಇದು ಹುಟ್ಟಿದ್ದು ಗ್ರೀಸ್ ದೇಶದ ಥೆಸಲೊನೀಕಿಯಲ್ಲಿ, 1957ರ ವಸ್ತುಪ್ರದರ್ಶನದಲ್ಲಿ. ಕಾಫಿ ಪುಡಿ ಕಂಪನಿಯ ನೌಕರನೊಬ್ಬನಿಗೆ ಬಿಸಿನೀರು ಸಿಗಲಿಲ್ಲವಂತೆ, ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿಗೇ ಹಾಕಿ ಡಬ್ಬಿಯಲ್ಲಿ ಕುಲುಕಿದನಂತೆ. ಹಾಗಾಗಿ ಇದಕ್ಕೆ ಫಿಲ್ಟರ್ ಬೇಡ, ಡಿಕಾಕ್ಷನ್ ಹಾಕಿದರೆ ಆ ನೊರೆ ಬಂದರೂ ನಿಲ್ಲುವುದಿಲ್ಲ. ಡಿಕಾಕ್ಷನ್‌ನಲ್ಲಿ ಕಾಫಿಯ ಎಣ್ಣೆ ಇರುತ್ತದೆ, ಇನ್‌ಸ್ಟಂಟ್ ಪುಡಿಯಲ್ಲಿ ಅದು ಇಲ್ಲದಷ್ಟು ಕಡಿಮೆ. ಎಣ್ಣೆಯೂ ಜಿಡ್ಡೂ ನೊರೆಗೆ ಶತ್ರು. ಇದೇ ಕಾರಣಕ್ಕೆ ಹಾಲನ್ನೂ ಕೊನೆಗೇ ಹಾಕಬೇಕು. ನಾನು ಮೊದಲ ಸಲ ಹಾಲು ಹಾಕಿಯೇ ಕುಲುಕಿದ್ದೆ, ಕೈ ನೋವು ಬಂತೇ ಹೊರತು ನೊರೆ ಬರಲಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಚಮಚ ಪುಡಿ, ಎರಡು ಚಮಚ ಸಕ್ಕರೆ, ಮೂರು ಚಮಚ ತಣ್ಣೀರು ಹಾಕಿ ಒಂದು ನಿಮಿಷ ಕುಲುಕಿ. ಬೆಲ್ಲದ ಬಣ್ಣದ ದಪ್ಪ ನೊರೆಯಾಗಿ, ಡಬ್ಬಿ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು. ಅದನ್ನು ಐಸ್ ಇರುವ ಉದ್ದ ಗ್ಲಾಸಿಗೆ ಸುರಿದು, ತಣ್ಣೀರು ತುಂಬಿ, ಮೇಲೆ ಒಂದಿಷ್ಟು ಹಾಲು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಇದು ನಿಜಕ್ಕೂ ಒಳ್ಳೆಯದು. ಕಡಿಮೆ ಸ್ಟ್ರಾಂಗ್ ಅಂತೇನೂ ತಿಳಿಯಬೇಡಿ, ಎರಡು ಚಮಚ ಪುಡಿ ಎರಡು ಚಮಚವೇ.

ಹಾಗಾದರೆ ನಾನು ಹೇಗೆ ಗೊರಕೆ ಹೊಡೆದೆ? ಅಂಗಡಿಯಲ್ಲಿ ನನಗೆ ಕೊಟ್ಟಿದ್ದು ಗ್ರೀಸಿನ ಫ್ರಾಪೆ ಆಗಿರಲಿಲ್ಲ. ಹಾಲು, ಐಸು, ಸಕ್ಕರೆ ಪಾಕ ಮಿಕ್ಸಿಗೆ ಹಾಕಿ ತಿರುಗಿಸಿ, ಮೇಲೆ ಕ್ರೀಮಿನ ಗೋಪುರ ಕಟ್ಟಿ ಕೊಡುವ ಬಗೆ ಅದು. ಕಾಫಿ ಅದರಲ್ಲಿ ವಾಸನೆಗಷ್ಟೇ. ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಗೊತ್ತಾಗುವುದು ಕಡಿಮೆ, ಹಾಗಾಗಿ ಅವರು ಕೈಬಿಚ್ಚಿ ಸಕ್ಕರೆ ಹಾಕುತ್ತಾರೆ. ಅನುಮಾನ ಇದ್ದರೆ ಒಂದು ಗುಟುಕು ಗ್ಲಾಸಿನಲ್ಲೇ ಬಿಟ್ಟು, ಐಸ್ ಕರಗಿ ಬೆಚ್ಚಗಾದ ಮೇಲೆ ಕುಡಿದು ನೋಡಿ. ನೀರು ಬೆರೆತ ಮೇಲೂ ಪಾನಕದ ಹಾಗೆ ಹತ್ತುತ್ತದೆ.

ಮೋಕಾ ಅಂದರೆ ಕಾಫಿ, ಹಾಲು, ಚಾಕೊಲೇಟ್. ಹೆಸರು ಯೆಮೆನ್ ದೇಶದ ಮೋಖಾ ಬಂದರಿನದು. ಬಾಬಾಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ತಂದರು ಅಂತ ನಮ್ಮ ಚಿಕ್ಕಮಗಳೂರಿನ ಕಡೆ ಹೇಳುವುದೂ ಅದೇ ಯೆಮೆನ್‌ನಿಂದ. ಇದರಲ್ಲಿ ಎಲ್ಲರೂ ಎಡವುವುದು ಕೋಕೋ ಪುಡಿಯನ್ನು ನೇರ ಹಾಲಿಗೆ ಸುರಿದು. ಅದು ಗಂಟುಗಂಟಾಗಿ ತೇಲುತ್ತದೆ. ಎರಡು ಚಮಚ ಕೋಕೋ, ಎರಡು ಚಮಚ ಸಕ್ಕರೆ ಒಣದರಲ್ಲೇ ಬೆರೆಸಿ, ಒಂದು ಚಮಚ ಬಿಸಿ ಡಿಕಾಕ್ಷನ್ ಹಾಕಿ ಚಟ್ನಿಯ ಹಾಗೆ ಕಲಸಿ, ಆಮೇಲೆ ಆ ಪಾಲಿನ ಉಳಿದ ಡಿಕಾಕ್ಷನ್, ಕೊನೆಗೆ 120 ಮಿ.ಲೀ. ಬಿಸಿ ಹಾಲು. ಡ್ರಿಂಕಿಂಗ್ ಚಾಕೊಲೇಟ್ ಡಬ್ಬಿ ತಂದಿದ್ದರೆ ಸಕ್ಕರೆ ಬೇಡವೇ ಬೇಡ, ಅದರಲ್ಲಿ ಕೋಕೋಗಿಂತ ಸಕ್ಕರೆಯೇ ಜಾಸ್ತಿ. ಕೊರ್ಟಾಡೊದಷ್ಟೇ ಕಾಫಿ ಇದರಲ್ಲೂ ಇದೆ, ಚಾಕೊಲೇಟ್ ಅದನ್ನು ಮುಚ್ಚಿಡುತ್ತದೆ. ಮಕ್ಕಳು ಹಟ ಹಿಡಿದು ಕೇಳುವಾಗ ಇದು ನೆನಪಿರಲಿ.

ಅಫೊಗಾಟೊ ಕುಡಿಯುವುದಲ್ಲ, ಚಮಚದಲ್ಲಿ ತಿನ್ನುವುದು. ಇಟಲಿಯವರು ಅದಕ್ಕೆ ಮುಳುಗಿದ್ದು ಅನ್ನುತ್ತಾರೆ: ಒಂದು ಉಂಡೆ ವೆನಿಲಾ ಐಸ್‌ಕ್ರೀಮ್ ಮೇಲೆ 30 ಮಿ.ಲೀ. ಬಿಸಿ ಕಾಫಿ. ಫಿಲ್ಟರಿನಲ್ಲಿ ಇಳಿಯುವಷ್ಟರಲ್ಲಿ ಡಿಕಾಕ್ಷನ್ ಉಗುರುಬೆಚ್ಚಗಾಗಿರುತ್ತದೆ. ಒಲೆ ಮೇಲೆ ಕುದಿಸಿದರೆ ಕಹಿಯಾಗುತ್ತದೆ, ಅದಕ್ಕೇ ಕುದಿನೀರಿನ ಪಾತ್ರೆಯೊಳಗೆ ಡಿಕಾಕ್ಷನ್ ಬಟ್ಟಲು ಇಟ್ಟು ಬಿಸಿ ಮಾಡಿ. ಐಸ್‌ಕ್ರೀಮ್ ಹಾಕುವ ಬಟ್ಟಲನ್ನು ಹತ್ತು ನಿಮಿಷ ಫ್ರೀಜರಿನಲ್ಲಿಡಿ, ನಮ್ಮ ಸೆಕೆಗೆ ಅದಿಲ್ಲದಿದ್ದರೆ ಮೇಜಿಗೆ ತರುವಷ್ಟರಲ್ಲಿ ಪಾಯಸ. ಡಬ್ಬಿ ಮೇಲೆ ಐಸ್‌ಕ್ರೀಮ್ ಅಂತ ಇದೆಯೋ ಫ್ರೋಜನ್ ಡೆಸರ್ಟ್ ಅಂತ ಇದೆಯೋ ಓದಿ. ಎರಡನೆಯದರಲ್ಲಿ ಹಾಲಿನ ಕೊಬ್ಬಿನ ಬದಲು ಎಣ್ಣೆಯ ಕೊಬ್ಬು, ಬಿಸಿ ಕಾಫಿ ಬಿದ್ದಾಗ ಅಂಗುಳಿಗೆ ಮೇಣದ ಹಾಗೆ ಹತ್ತುತ್ತದೆ. ಒಂದು ಉಂಡೆಯಲ್ಲಿ ಹತ್ತಿರ ಹತ್ತಿರ ಮೂರು ಚಮಚದಷ್ಟು ಸಕ್ಕರೆ ಇರುವುದರಿಂದ ಬೇರೆ ಸಿಹಿ ಬೇಡ.

ನೆಗೆಣ್ಣಿ ಈಗ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ತಿಂದ ಮೇಲೆ ಸಣ್ಣ ಗ್ಲಾಸಿನಲ್ಲಿ ಕೊರ್ಟಾಡೊ ಕೇಳುತ್ತಾಳೆ. ಸಂಜೆಯಾದರೆ ಬರೀ ಮಜ್ಜಿಗೆ.