ಮನೆ ರಿಪೇರಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಹೇಗೆ?

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ. ಬೆಳಗಾವಿಯ ಶಹಾಪುರದಲ್ಲಿ ನಾವಿರುವ ಬಾಡಿಗೆ ಮನೆಯ ಮೀಟರ್ ಬೋರ್ಡಿನಿಂದ ಸುಟ್ಟ ವಾಸನೆ ಬರತೊಡಗಿತು. ನಾಲ್ಕು ದಿನದಿಂದ ಬಿಡದೆ ಹಿಡಿದ ಮಳೆ. ಗೋಡೆಯ ಬಿರುಕಿನಲ್ಲಿ ಇಳಿದ ನೀರು ಬೋರ್ಡಿನ ಹಿಂದೆ ಹೋಗಿ, ಮೀಟರ್‌ನಿಂದ ಮೇನ್ ಸ್ವಿಚ್‌ಗೆ ಬರುವ ವೈರ್ ಕರಕಲಾಗಿತ್ತು. ಮಾಲಕರು ಇರುವುದು ಪುಣೆಯಲ್ಲಿ. ಫೋನ್ ಮಾಡಿದರೆ, "ಈ ಮಳ್ಯಾಗ ಎಲ್ಲಿ ಬರೂದ್ರಿ, ನೀವ ಯಾರನ್ನರ ಕರಿಸಿ ನೋಡ್ರಿ" ಅಂದರು.

ಬಾಡಿಗೆದಾರರು ಹೆಚ್ಚಾಗಿ ಎಡವುವುದು ಇಲ್ಲೇ. ಫೋನಿನಲ್ಲಿ "ನೋಡ್ರಿ" ಅಂದಿದ್ದನ್ನೇ ಒಪ್ಪಿಗೆ ಅಂದುಕೊಂಡು ರಿಪೇರಿ ಮಾಡಿಸುತ್ತಾರೆ. ತಿಂಗಳ ಕೊನೆಗೆ ಅಷ್ಟು ದುಡ್ಡು ಕಡಿಮೆ ಕೊಡುತ್ತಾರೆ. "ನಾ ಯಾವಾಗ ಮುರಕೊಳ್ಳಾಕ ಹೇಳಿದ್ನಿ?" ಎಂದು ಮಾಲಕರು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ಅಪಾಯ ತಪ್ಪಿಸಿ, ಆಮೇಲೆ ಯಾರ ಪಾಲು ನೋಡಿ

ಮೇನ್ ಸ್ವಿಚ್ ಆಫ್ ಮಾಡಿದೆ. ಆದರೆ ಸುಟ್ಟಿದ್ದು ಅದಕ್ಕಿಂತ ಹಿಂದಿನ ವೈರ್, ಹಾಗಾಗಿ ಅದರಲ್ಲಿ ಇನ್ನೂ ಕರೆಂಟ್ ಇತ್ತು. ಹೆಸ್ಕಾಂನ 1912ಕ್ಕೆ ಫೋನ್ ಮಾಡಿದೆ. ಬಂದ ಲೈನ್‌ಮನ್ ಕಂಬದ ಮೇಲೆ ಸಂಪರ್ಕ ತೆಗೆದು, "ಮೀಟರ್ ತನಕ ನಮ್ದರಿ, ಅಲ್ಲಿಂದ ಒಳಗ ನಿಮ್ದು" ಎಂದು ಹೋದರು. ಅವರು ಹೇಳಿದ್ದು ಸರಿ. ಮೀಟರ್ ಮತ್ತು ಅದರ ಹಿಂದಿನ ಲೈನು ವಿದ್ಯುತ್ ಕಂಪನಿಯದು. ಮೀಟರ್‌ನ ಸೀಲ್‌ಗೆ ನಾವಾಗಲಿ ನಮ್ಮ ಎಲೆಕ್ಟ್ರಿಷಿಯನ್ ಆಗಲಿ ಕೈ ಹಚ್ಚಬಾರದು. ಅದರ ಮುಂದಿನದು ಮನೆಯದು.

ಮನೆಯದು ಅಂದರೆ ಮಾಲಕರದೋ, ಬಾಡಿಗೆದಾರರದೋ? ಅದಕ್ಕೆ ಕರಾರು ಪತ್ರ ತೆಗೆದು ನೋಡಬೇಕು. ಸ್ಟಾಂಪ್ ಪೇಪರಿನ 11 ತಿಂಗಳ ಕರಾರಿನಲ್ಲಿ ರಿಪೇರಿಯ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ, ಸಹಿ ಮಾಡುವಾಗ ಯಾರೂ ಓದಿರುವುದಿಲ್ಲ ಅಷ್ಟೆ. ನಮ್ಮದರಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲಕರದು" ಎಂದಿತ್ತು. ಯಾವುದು ಸಣ್ಣದು, ಯಾವುದು ದೊಡ್ಡದು? ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದರ ಪಟ್ಟಿಯೇ ಇದೆ. ಗೋಡೆ, ಛಾವಣಿಯಂಥ ಕಟ್ಟಡದ ಕೆಲಸ, ಪೈಪ್ ಬದಲಿಸುವುದು, ವೈರಿಂಗ್ ಇವು ಮಾಲಕರ ಪಾಲು. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಗೀಸರ್ ರಿಪೇರಿ, ಕಿಟಕಿ ಗಾಜು, ಚರಂಡಿ ಸ್ವಚ್ಛ ಮಾಡುವುದು ಬಾಡಿಗೆದಾರರ ಪಾಲು. ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿ ಜಾರಿಗೆ ತರುವ ತನಕ ಅದರ ಮೇಲೆ ಹಕ್ಕು ಸಾಧಿಸಲು ಆಗದು. ಆದರೂ ಮಾಲಕರ ಜೊತೆ ಮಾತಾಡುವಾಗ ಅಳತೆಗೋಲಾಗಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಕಾನೂನು ಎಷ್ಟು ಬೆಂಬಲ ಕೊಡುತ್ತದೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ, ಎಫ್ ಉಪಕಲಂ ಇದನ್ನೇ ಹೇಳುತ್ತದೆ. ಮಾಲಕ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ, ಸಮಂಜಸ ಸಮಯದೊಳಗೆ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಲು ಬಲು ಚೆಂದ. ಆದರೆ ಇದರಲ್ಲಿ ಎರಡು ತೊಡಕಿವೆ.

ಒಂದು, ನೋಟಿಸ್ ಮೊದಲು, ರಿಪೇರಿ ಆಮೇಲೆ. ಈ ಕ್ರಮ ತಿರುಗಿಸಿದರೆ ಕಲಂ ಕೈ ಹಿಡಿಯುವುದಿಲ್ಲ. "ಸಮಂಜಸ ಸಮಯ" ಅಂದರೆ ಇಷ್ಟೇ ದಿನ ಎಂದು ಕಾಯ್ದೆ ಹೇಳಿಲ್ಲ. ಸುಟ್ಟ ವೈರ್‌ಗೆ ಒಂದು ದಿನ ಸಾಕು ಅನ್ನಬಹುದು. ಬಣ್ಣ ಹೋದ ಬಾಗಿಲಿಗೆ ಒಂದು ದಿನ ಅಂದರೆ ಯಾರೂ ಒಪ್ಪಲಾರರು.

ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಎಲ್ಲ ರಿಪೇರಿಯೂ ಮಾಲಕನ ಕರ್ತವ್ಯ ಎಂದು ಆ ಕಾಯ್ದೆ ಎಲ್ಲೂ ಹೇಳುವುದಿಲ್ಲ. "ಮಾಡಿಸಲೇಬೇಕಾದ ರಿಪೇರಿ" ಯಾವುದು ಎಂಬುದನ್ನು ಬಹುಮಟ್ಟಿಗೆ ಕರಾರು ಅಥವಾ ಊರ ರೂಢಿಯಿಂದಲೇ ತೋರಿಸಬೇಕು. ಕರಾರಿನಲ್ಲಿ "ಎಲ್ಲ ರಿಪೇರಿಯೂ ಬಾಡಿಗೆದಾರರದೇ" ಎಂದಿದ್ದರೆ ಈ ಕಲಂ ಹಿಡಿದು ಹೋಗಿ ಪ್ರಯೋಜನವಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಹೇಳುವುದಾದರೆ, 108ನೇ ಕಲಂಗಿಂತ ಮಾಲಕರಿಂದ ಬರುವ "ಮಾಡಿಸ್ರಿ, ಬಾಡಿಗ್ಯಾಗ ಮುರಕೊಳ್ರಿ" ಎಂಬ ಒಂದು ಸಾಲಿನ ಮೆಸೇಜು ದೊಡ್ಡದು.

ಆ ಸಾಲು ಬರೆಸಿಕೊಳ್ಳುವ ಬಗೆ

ಸೋಮವಾರ ಬೆಳಿಗ್ಗೆ ಮೊದಲು ಫೋಟೊ ತೆಗೆದೆ. ಕರಕಲಾದ ವೈರಿನದು ಹತ್ತಿರದಿಂದ, ಬೋರ್ಡು ಮತ್ತು ಬಿರುಕು ಎರಡೂ ಒಟ್ಟಿಗೆ ಕಾಣುವ ಹಾಗೆ ದೂರದಿಂದ. ದೂರದ್ದು ಯಾಕೆ ಅಂದರೆ, ಬರೀ ವೈರಿನ ಫೋಟೊ ನೋಡಿದರೆ ಅದು ಯಾವ ಮನೆಯದು, ಯಾಕೆ ಸುಟ್ಟಿತು ಗೊತ್ತಾಗುವುದಿಲ್ಲ. ನಾವು ಜಾಸ್ತಿ ಲೋಡ್ ಹಾಕಿ ಸುಟ್ಟದ್ದಲ್ಲ, ಗೋಡೆಯ ನೀರಿನಿಂದ ಆದದ್ದು ಎಂದು ತೋರಿಸಬೇಕಿತ್ತು. ನೀರು ಇಳಿಯುವುದರ ಹತ್ತು ಸೆಕೆಂಡಿನ ವಿಡಿಯೊ ಕೂಡ ಮಾಡಿಟ್ಟೆ. ಇಬ್ಬರು ಎಲೆಕ್ಟ್ರಿಷಿಯನ್‌ಗಳಿಂದ ಅಂದಾಜು ಕೇಳಿದೆ. ಒಬ್ಬರು 4,900 ಅಂದರು, ಇನ್ನೊಬ್ಬರು 6,200. ಎರಡೂ ಚೀಟಿಯ ಫೋಟೊ ಸೇರಿಸಿ ಮಾಲಕರಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ನಮಸ್ಕಾರ ಕಾಕಾ. ನಿನ್ನೆ ಸಂಜೆ ಫೋನಿನಲ್ಲಿ ಹೇಳಿದಂತೆ ಗೋಡೆ ಬಿರುಕಿನಿಂದ ನೀರು ಇಳಿದು ಮೀಟರ್ ಬೋರ್ಡಿನ ವೈರ್ ಸುಟ್ಟಿದೆ. ಹೆಸ್ಕಾಂನವರು ಲೈನ್ ತೆಗೆದಿದ್ದಾರೆ, ಮನೆಗೆ ಕರೆಂಟ್ ಇಲ್ಲ. ಎರಡು ಅಂದಾಜು ಕಳಿಸಿದ್ದೇನೆ. ನೀವು ಯಾರನ್ನಾದರೂ ಕಳಿಸುವುದಾದರೆ ಇವತ್ತು ಸಂಜೆ 6ರೊಳಗೆ ತಿಳಿಸಿ. ಇಲ್ಲದಿದ್ದರೆ ಕಡಿಮೆ ಅಂದಾಜಿನವರಿಂದ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ."

ಏನಾಗಿದೆ, ಎಷ್ಟಾಗುತ್ತದೆ, ಎಷ್ಟು ಹೊತ್ತಿನೊಳಗೆ, ಆಮೇಲೆ ನಾನೇನು ಮಾಡುತ್ತೇನೆ. ನೋಟಿಸ್‌ಗೆ ಇಷ್ಟೇ ಬೇಕು. ಫೋನಿನ ಮಾತನ್ನು "ನಿನ್ನೆ ಹೇಳಿದಂತೆ" ಎಂದು ಸೇರಿಸಿದ್ದರಿಂದ ಆ ಮಾತೂ ದಾಖಲಾಯಿತು.

ಮಧ್ಯಾಹ್ನ ಬಂದ ಉತ್ತರ ಬರೀ ಹೆಬ್ಬೆರಳು. 👍. ಇದು ಯಾವುದಕ್ಕೆ ಒಪ್ಪಿಗೆ? ರಿಪೇರಿಗೋ, ಮುರಿದುಕೊಳ್ಳುವುದಕ್ಕೋ, ಸುಮ್ನೆ ಮೆಸೇಜ್ ಓದಿದೆ ಅಂತಲೋ? "ಕಾಕಾ, 5,000ದೊಳಗಾದ್ರ ಬಾಡಿಗ್ಯಾಗ ಮುರಕೋಲ್ಯಾ?" ಎಂದು ಇನ್ನೊಮ್ಮೆ ಕೇಳಿದೆ. "ಒಂದ ಸಲಕ್ಕ ಬ್ಯಾಡ, ಎರಡ ತಿಂಗಳದಾಗ ಮುರಕೊಳ್ರಿ" ಎಂದು ಬರೆದರು. ಆ ಸಾಲು ಬಂದ ಮೇಲೆಯೇ ಎಲೆಕ್ಟ್ರಿಷಿಯನ್‌ಗೆ ಬರಲು ಹೇಳಿದ್ದು.

ನಿಮ್ಮ ಚಾಟ್‌ನಲ್ಲಿ ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆನ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಸ್ಕ್ರೀನ್‌ಶಾಟ್ ಇದ್ದರೂ ಮೂಲ ಚಾಟ್ ಇರುವ ಫೋನನ್ನು ಕಳೆದುಕೊಳ್ಳಬೇಡಿ. ಮಾತು ಕೋರ್ಟಿನ ತನಕ ಹೋದರೆ, ಡಿಜಿಟಲ್ ದಾಖಲೆಯ ಪ್ರಿಂಟ್ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದು ಯಾವ ಸಾಧನದಿಂದ ಬಂತು ಎಂದು ಅದರಲ್ಲಿ ಹೇಳಬೇಕು.

ಬಿಲ್ಲು

ಮೀಟರ್ ಬೋರ್ಡಿನ ಕೆಲಸ ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಸಣ್ಣ ಕೆಲಸದವರಲ್ಲಿ ಅಚ್ಚು ಹಾಕಿಸಿದ ಬಿಲ್ ಬುಕ್ ಇರುವುದಿಲ್ಲ. ಕೈಯಲ್ಲಿ ಬರೆದದ್ದಾದರೂ ನಡೆಯುತ್ತದೆ. ಆದರೆ "ಲೈಟಿನ ಕೆಲಸ 4,850" ಎಂದು ಒಂದೇ ಸಾಲು ಬರೆಸಿಕೊಳ್ಳಬೇಡಿ. ನಮ್ಮ ಬಿಲ್ಲಿನಲ್ಲಿ ವೈರ್ 950, ಮೇನ್ ಸ್ವಿಚ್ 750, ಬೋರ್ಡಿನ ಪೆಟ್ಟಿಗೆ 650, ಎಲೆಕ್ಟ್ರಿಷಿಯನ್ ಕೂಲಿ 1,500, ಬಿರುಕು ಮುಚ್ಚಿದ ಗೌಂಡಿಗೆ ಸಾಮಾನು ಸೇರಿ 1,000 ಎಂದಿತ್ತು. ಮನೆಯ ವಿಳಾಸ, ತಾರೀಕು, ಮಾಡಿದವರ ಹೆಸರು, ಫೋನ್ ನಂಬರ್, ಸಹಿ. ದುಡ್ಡು ಯುಪಿಐನಲ್ಲೇ ಕಳಿಸಿದೆ. ಬಿಲ್ಲಿನ ಮೊತ್ತವೂ ಬ್ಯಾಂಕಿನ ಮೊತ್ತವೂ ಒಂದೇ ಆಗಿರಲಿ. ಚಿಲ್ಲರೆ ಕೈಯಲ್ಲಿ ಕೊಟ್ಟು ಉಳಿದದ್ದು ಯುಪಿಐನಲ್ಲಿ ಹಾಕಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಎಲೆಕ್ಟ್ರಿಷಿಯನ್ ಹೇಗೂ ಬಂದಿದ್ದಾರಲ್ಲ ಅಂತ ಮನೆಯವರು ಅಡುಗೆಮನೆಗೊಂದು ಹೊಸ ಪ್ಲಗ್ ಪಾಯಿಂಟ್ ಹಾಕಿಸಿದರು. 600 ರೂಪಾಯಿ. ಅದಕ್ಕೆ ಬೇರೆ ಚೀಟಿ ಬರೆಸಿ ನಾವೇ ಕೊಟ್ಟೆವು. ಕೆಟ್ಟದ್ದನ್ನು ಸರಿಮಾಡಿದ್ದು ರಿಪೇರಿ, ಹೊಸದು ಹಾಕಿಸಿಕೊಂಡದ್ದು ನಮ್ಮ ಅನುಕೂಲ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಲಸಿದರೆ 600ರ ಸಲುವಾಗಿ ಇಡೀ 4,850 ಮೇಲೂ ಅನುಮಾನ ಬರುತ್ತದೆ.

ಬಾಡಿಗೆ ಕೊಡುವ ದಿನ

ಇಲ್ಲಿ ಒಂದೇ ಒಂದು ತಪ್ಪು ಎಲ್ಲವನ್ನೂ ಕೆಡಿಸಬಹುದು. ಬಾಡಿಗೆ ಪೂರಾ ನಿಲ್ಲಿಸಬೇಡಿ, ತಡ ಮಾಡಲೂ ಬೇಡಿ. ಬಾಡಿಗೆ ಬಾಕಿ ಅನ್ನುವುದು ಮನೆ ಬಿಡಿಸಲು ಮಾಲಕರಿಗೆ ಸಿಗುವ ಎಲ್ಲಕ್ಕಿಂತ ಸುಲಭದ ಕಾರಣ. ಡಿಪಾಜಿಟ್‌ನಲ್ಲಿ ಹಿಡಿದುಕೊಳ್ಳಿ ಎಂದು ಹೇಳಿ ಕೈ ತೊಳೆದುಕೊಳ್ಳುವುದೂ ಬೇಡ. ಡಿಪಾಜಿಟ್ ಲೆಕ್ಕ ಮನೆ ಬಿಡುವಾಗಿನದು.

ನಮ್ಮ ಬಾಡಿಗೆ 8,000. ಎರಡು ಪಾಲು ಮಾಡಿದರೆ 2,425. ಆಗಸ್ಟ್ 5ಕ್ಕೆ 5,575 ಹಾಕಿ, ರಿಮಾರ್ಕಿನಲ್ಲಿ "ಜುಲೈ ಬಾಡಿಗೆ 8000, ರಿಪೇರಿ ವಜಾ 2425" ಎಂದು ಬರೆದೆ. ಬಿಲ್ಲು, ಮೊದಲಿನ ಮತ್ತು ಆಮೇಲಿನ ಫೋಟೊ, ಯುಪಿಐ ರಸೀದಿ ಎಲ್ಲವನ್ನೂ ಅದೇ ಚಾಟ್‌ಗೆ ಹಾಕಿ, "ಇನ್ನು 2,425 ಮುಂದಿನ ತಿಂಗಳು ಮುರಿಯುತ್ತೇನೆ, ಅಲ್ಲಿಗೆ ಚುಕ್ತಾ" ಎಂದು ಸೇರಿಸಿದೆ. ರಸೀದಿ ತೆಗೆದುಕೊಳ್ಳುವವರು ಅದರಲ್ಲಿ ಪೂರ್ತಿ 8,000 ಬಾಡಿಗೆ, ಅದರಲ್ಲಿ ರಿಪೇರಿಗೆ ಇಷ್ಟು ವಜಾ ಎಂದೇ ಬರೆಸಿಕೊಳ್ಳಿ. ಬರೀ 5,575 ಎಂದು ಬರೆದರೆ ಉಳಿದದ್ದು ಮುಂದೊಂದು ದಿನ ಬಾಕಿಯಾಗಿ ತಲೆ ಎತ್ತುತ್ತದೆ.

ಮಾಲಕರು ಉತ್ತರವನ್ನೇ ಕೊಡದಿದ್ದರೆ?

ವಾಟ್ಸಾಪ್ ಮೆಸೇಜನ್ನೇ ಕಾಗದದಲ್ಲಿ ಬರೆದು, ಕರಾರಿನಲ್ಲಿರುವ ಅವರ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಕಾಗದದ ನಕಲು, ಅಂಚೆ ರಸೀದಿ, ತಲುಪಿದ್ದರ ಟ್ರ್ಯಾಕಿಂಗ್ ಪ್ರಿಂಟ್ ಮೂರನ್ನೂ ಒಟ್ಟಿಗಿಡಿ. ಕೊಟ್ಟ ಗಡುವು ಮುಗಿದ ಮೇಲೆ ಅಪಾಯ ತಪ್ಪಿಸಲು ಬೇಕಾದಷ್ಟೇ ಕೆಲಸ ಮಾಡಿಸಿ. ಮಾದರಿ ಕಾಯ್ದೆ ಒಂದು ತಿಂಗಳಲ್ಲಿ ಬಾಡಿಗೆಯ ಅರ್ಧಕ್ಕಿಂತ ಜಾಸ್ತಿ ಮುರಿಯಬಾರದು ಅನ್ನುತ್ತದೆ. ಅದು ಇಲ್ಲಿ ಕಡ್ಡಾಯವಲ್ಲದಿದ್ದರೂ ಪಾಲಿಸುವುದು ಜಾಣತನ. ಅರ್ಧ ಬಾಡಿಗೆ ಪ್ರತಿ ತಿಂಗಳು ಅವರ ಖಾತೆಗೆ ಬೀಳುತ್ತಿದ್ದರೆ ನಿಮ್ಮನ್ನು ಬಾಡಿಗೆ ಕೊಡದವರು ಅನ್ನುವುದು ಕಷ್ಟ.

ಛಾವಣಿ ಪೂರಾ ಬದಲಿಸುವುದು, ಹೊಸ ಬೋರ್‌ವೆಲ್ ಮೋಟರ್ ಇಂಥ ಐದಾರು ತಿಂಗಳ ಬಾಡಿಗೆ ನುಂಗುವ ಕೆಲಸವನ್ನು ಒಪ್ಪಿಗೆ ಇಲ್ಲದೆ ಈ ದಾರಿಯಲ್ಲಿ ಮಾಡಿಸಬೇಡಿ. ಅಂಥದ್ದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂಡಿಸಿ ಮಾತಾಡಿಸುವ ವ್ಯವಸ್ಥೆ ಅಲ್ಲಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವೂ ಸಿಗುತ್ತದೆ.

ಸುಟ್ಟ ವೈರು, ಹಳೆ ಮೇನ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಒಯ್ಯಲು ಹೊರಟಿದ್ದರು. ಕೇಳಿ ಇಟ್ಟುಕೊಂಡೆ. ದೀಪಾವಳಿಗೆ ಊರಿಗೆ ಬಂದ ಮಾಲಕರು ಚಹಾ ಕುಡಿಯುತ್ತ, "ಅಷ್ಟ ವೈರಿಗೆ ಐದ ಸಾವಿರ ಹೆಂಗಾತು?" ಎಂದು ಕೇಳಿದರು. ಅಟ್ಟದಿಂದ ಪ್ಲಾಸ್ಟಿಕ್ ಚೀಲ ಇಳಿಸಿ ಮುಂದಿಟ್ಟೆ. ವೈರನ್ನು ತಿರುಗಿಸಿ ತಿರುಗಿಸಿ ನೋಡಿ, ಎದ್ದು ಗೋಡೆಯ ಬಿರುಕಿನ ಹತ್ತಿರ ಹೋದರು. "ಹೊರಗಿನ ಗೋಡಿಗೂ ಮಳಿಗಾಲದ ಮೊದ್ಲ ಪ್ಲಾಸ್ಟರ್ ಮಾಡಸೂಣು, ಗೌಂಡಿ ನಂಬರ್ ಕೊಡ್ರಿ" ಅಂದರು. ನಂಬರ್ ಬಿಲ್ಲಿನ ಮೇಲೇ ಇತ್ತು.