ಹುಣಸೆ ಸ್ಟಾಕ್: ಬಾಡಿಗೆಗಿಂತ ಬಡ್ಡಿಯನ್ನು ನೋಡಿ

ದರ ಏರಲಿ ಅಂತ ಕೋಲ್ಡ್ ಸ್ಟೋರೇಜ್‌ಗೆ ಬಾಡಿಗೆ ಕಟ್ಟಿ ಹುಣಸೆ ಇಟ್ಟವನು ಉಳಿಯಲ್ಲ ಅಂತ ತುಮಕೂರು ಮಂಡಿಯಲ್ಲಿ ನಕ್ಕವರಿದ್ದರು. ಈಗ ಅವರೇ ಬಂದು ಲೆಕ್ಕ ಕೇಳುತ್ತಾರೆ.

ಮಾರ್ಚ್‌ನಲ್ಲಿ ಬೀಜ ತೆಗೆದ ಹಣ್ಣು ಕ್ವಿಂಟಲ್‌ಗೆ 12,000 ರೂಪಾಯಿಗೆ ಸಿಕ್ಕಿತು ಅನ್ನಿ. ಕೋಲ್ಡ್ ಸ್ಟೋರೇಜ್ ಬಾಡಿಗೆ ಐವತ್ತು ಕೆಜಿ ಮೂಟೆಗೆ ತಿಂಗಳಿಗೆ ಹೆಚ್ಚುಕಮ್ಮಿ 20, ಅಂದರೆ ಕ್ವಿಂಟಲ್‌ಗೆ 40. ಎಲ್ಲರ ಚೌಕಾಸಿ ಇದರ ಮೇಲೇ. ಆದರೆ ವರ್ಷಕ್ಕೆ ಶೇ. 12ರ ಬಡ್ಡಿ ಹಾಕಿದರೆ ತಿಂಗಳಿಗೆ 120 ಬೀಳುತ್ತದೆ, ಬಾಡಿಗೆಯ ಮೂರು ಪಟ್ಟು. ಸ್ವಂತ ದುಡ್ಡಾದರೂ ಬಡ್ಡಿ ಹಿಡಿಯಲೇಬೇಕು. ಹಮಾಲಿ, ಚೀಲ, ವಿಮೆಗೆ ಒಂದು ಸಲಕ್ಕೆ 150, ತೂಕ ಇಳಿಯುವುದಕ್ಕೆ ಶೇ. 2 ಅಂದರೆ 240. ಆರು ತಿಂಗಳು ಇಟ್ಟರೆ ಒಟ್ಟು ಖರ್ಚು 1,350. ಸೆಪ್ಟೆಂಬರ್‌ನಲ್ಲಿ 13,350 ಬಂದರೆ ಅಸಲು, ಅಷ್ಟೇ. ದರ 11,000ಕ್ಕೆ ಕುಸಿದರೆ ಹೋಗುವುದು ಸಾವಿರವಲ್ಲ, 2,350. ನೂರು ಕ್ವಿಂಟಲ್‌ಗೆ ಎಷ್ಟಾಯಿತು ನೋಡಿಕೊಂಡು, ತಡೆದುಕೊಳ್ಳುವಷ್ಟೇ ಮಾಲು ಇಡಬೇಕು.

ಒಳಗಿಟ್ಟ ಮೇಲೆ ಪ್ರತಿ ತಿಂಗಳೂ ಕೇಳಿಕೊಳ್ಳುವುದು ಒಂದೇ: ಮುಂದಿನ ತಿಂಗಳ ಬಾಡಿಗೆ, ಬಡ್ಡಿ ಸೇರಿ ಬೀಳುವ 160ರಷ್ಟು ದರ ಇನ್ನೂ ಏರುತ್ತದೆಯೇ? ಕಟ್ಟಿದ ಬಾಡಿಗೆ ವಾಪಸ್ ಬರಲಿ ಅಂತ ಕಾಯುವುದು ಲೆಕ್ಕವಲ್ಲ.

ಏರುತ್ತದೋ ಇಲ್ಲವೋ ಅನ್ನುವುದನ್ನು ಮರವೇ ಹೇಳುತ್ತದೆ. ಹುಣಸೆ ಹೂ ಬಿಡುವುದು ಮುಂಗಾರಿನ ಆಸುಪಾಸು, ಹಣ್ಣಾಗುವುದು ಜನವರಿ ದಾಟಿ. ಆಗಸ್ಟ್ ಹೊತ್ತಿಗೆ ಎಳೆಕಾಯಿ ಹೇಗೆ ಕಚ್ಚಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ವರ್ಷ ಹೇರಳವಾಗಿ ಬಿಟ್ಟ ಮರ ಮರುವರ್ಷ ಸೊರಗುವುದೂ ಉಂಟು. ಕಾಯಿ ದಟ್ಟವಾಗಿದ್ದರೆ ಇಳಿಯಲು ದರ ಹೊಸ ಮಾಲು ಬರುವ ತನಕ ಕಾಯುವುದಿಲ್ಲ. ಸುದ್ದಿ ಹಬ್ಬಿದ ಕೂಡಲೇ ಜಾರುತ್ತದೆ. ಆಗ ಮೊದಲು ಮೂರರಲ್ಲಿ ಒಂದು ಪಾಲು ಮಾರಿ, ಉಳಿದದ್ದನ್ನು ಹಿಂದೂಪುರದ ದರ ನೋಡಿಕೊಂಡು ಬಿಡುತ್ತೇನೆ. ಯಾವ ಸೀಮೆಯ ಮರ ನೋಡುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಬಾಡಿಗೆ ಉಳಿಸಲು ಸ್ವಲ್ಪ ಮಾಲನ್ನು ಮಾಮೂಲಿ ಗೋಡೌನ್‌ನಲ್ಲಿ, ಹಲಗೆ ಮೇಲೆ, ಪ್ಲಾಸ್ಟಿಕ್ ಒಳಚೀಲ ಹಾಕಿ ಇಟ್ಟೂ ನೋಡಿದ್ದೇನೆ. ಹುಳ ಬೀಳಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪು ಹೋಗಿ ಕಪ್ಪಾಯಿತು. ಹುಣಸೆಯಲ್ಲಿ ಬಣ್ಣವೇ ದರ. ಕಪ್ಪು ಹಣ್ಣಿಗೆ ಕಡಿತಗೊಂಡದ್ದು ಉಳಿಸಿದ ಬಾಡಿಗೆಗಿಂತ ಎಷ್ಟೋ ಹೆಚ್ಚು. ಬೀಜ ಸಮೇತ ಇಡುವುದಂತೂ ಬೇಡ, ಹುಳ ಬರುವುದೇ ಬೀಜದಿಂದ.

ಥಂಡಿಯಲ್ಲೂ ಹಸಿ ಹಣ್ಣು ಕೆಡುತ್ತದೆ. ಹಿಡಿಯಷ್ಟು ಹಿಸುಕಿ ಬಿಟ್ಟಾಗ ಅಂಗೈಗೆ ಅಂಟಿ ಉಳಿದರೆ ಇನ್ನೆರಡು ದಿನ ಬಿಸಿಲು ಬೇಕು. ಹೊರತೆಗೆಯುವಾಗ ಚೀಲದ ಬಾಯಿ ಕೂಡಲೇ ಬಿಚ್ಚಬೇಡಿ, ತಣ್ಣಗಿನ ಹಣ್ಣಿನ ಮೇಲೆ ನೀರು ಕಟ್ಟುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬಿಚ್ಚಿ. ಹೊರಗೆ ಬಂದ ಹಣ್ಣು ಬೇಗ ಕಪ್ಪಾಗುವುದರಿಂದ, ಗಿರಾಕಿ ಲಾರಿ ಕಳಿಸುತ್ತೇನೆ ಅಂದ ಮೇಲಷ್ಟೇ ಆ ಲೋಡಿನಷ್ಟು ಮೂಟೆ ಇಳಿಸಿಕೊಳ್ಳುವುದು.