ಪ್ರಿವ್ಯೂ ಲಿಂಕ್ ತೆರೆದರೆ ಸಾಲದು: ಅದು ಯಾವ ಕಮಿಟ್‌ನದು ಅಂತ ನೋಡುವುದು ಹೇಗೆ?

ಪುಲ್ ರಿಕ್ವೆಸ್ಟ್ ತೆರೆದ ಕೆಲವೇ ನಿಮಿಷಕ್ಕೆ ಅದರ ಕೆಳಗೆ ಒಂದು ಬಾಟ್ ಕಾಮೆಂಟ್ ಬೀಳುತ್ತದೆ. ವರ್ಸೆಲ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್, ಯಾವುದೇ ಇರಲಿ, ಹೇಳುವ ವಿಷಯ ಒಂದೇ. ಈ ಬದಲಾವಣೆಯನ್ನು ಬಿಲ್ಡ್ ಮಾಡಿ ಬೇರೆ ವಿಳಾಸದಲ್ಲಿ ಇಟ್ಟಿದ್ದೇವೆ, ಹೋಗಿ ನೋಡಿ. ರಿವ್ಯೂ ಮಾಡುವವರು ಲಿಂಕ್ ಒತ್ತುತ್ತಾರೆ, ಪುಟ ತೆರೆಯುತ್ತದೆ, ಚೆನ್ನಾಗಿ ಕಾಣುತ್ತದೆ, ಅಪ್ರೂವ್ ಮಾಡುತ್ತಾರೆ. ಆದರೆ ತೆರೆದ ಪುಟ ಮತ್ತು ಮರ್ಜ್ ಆಗಲಿರುವ ಕೋಡ್ ಎರಡೂ ಒಂದೇನಾ? ಬಹಳ ಸಲ ಇದನ್ನು ಯಾರೂ ಕೇಳುವುದೇ ಇಲ್ಲ. ರಿವ್ಯೂನಲ್ಲಿ ಮೊದಲು ಕೇಳಬೇಕಾದದ್ದೇ ಇದು.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಪುಲ್ ರಿಕ್ವೆಸ್ಟ್ ಸಂಖ್ಯೆ 218. ಬುಕಿಂಗ್ ಫಾರ್ಮ್‌ನಲ್ಲಿ 1ನೇ ತಾರೀಖು ಆರಿಸಿದರೆ ಹಿಂದಿನ ದಿನ ಸೇವ್ ಆಗುತ್ತಿತ್ತು. ಕಾರಣ `toISOString()`. ಅದು ಬಳಕೆದಾರರ ಮಧ್ಯರಾತ್ರಿಯನ್ನು ಯುಟಿಸಿಗೆ ಬದಲಿಸುತ್ತದೆ. ಯುಟಿಸಿಗಿಂತ ಮುಂದಿರುವ ಟೈಮ್‌ಝೋನ್‌ಗಳಲ್ಲಿ ಆ ಹೊತ್ತಿಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ಅದನ್ನು ಸರಿಪಡಿಸಿದ ಕಮಿಟ್ `a41f09c`. ಬಿಲ್ಡ್ ಪಾಸ್ ಆಯಿತು, ಪ್ರಿವ್ಯೂ ಬಂತು. ಆಮೇಲೆ ಅದೇ ಬ್ರಾಂಚ್‌ಗೆ ಇನ್ನೊಂದು ಕಮಿಟ್, `7be2d35`. "ಸಣ್ಣ ಕ್ಲೀನಪ್" ಅಂತ ಮೆಸೇಜ್. ಇದರ ಬಿಲ್ಡ್ ಫೇಲ್ ಆಯಿತು.

ಮೊದಲು ಸ್ಟೇಟಸ್ ಓದಿ, ಆಮೇಲೆ ಲಿಂಕ್ ಒತ್ತಿ

ಇಲ್ಲಿ ಎರಡು ಜಾಗ ನೋಡಬೇಕು. ಒಂದು, ಪುಟದ ಕೊನೆಯಲ್ಲಿ ಮರ್ಜ್ ಬಟನ್ ಹತ್ತಿರ ಇರುವ ಚೆಕ್‌ಗಳ ಪಟ್ಟಿ. ಇನ್ನೊಂದು, ಬಾಟ್ ಕಾಮೆಂಟ್. ಈ ಬಾಟ್‌ಗಳು ಸಾಮಾನ್ಯವಾಗಿ ಪ್ರತಿ ಪುಶ್‌ಗೂ ಹೊಸ ಕಾಮೆಂಟ್ ಹಾಕುವುದಿಲ್ಲ, ಹಳೆಯದನ್ನೇ ತಿದ್ದುತ್ತವೆ. ತಿದ್ದಿದ ಕಾಮೆಂಟ್‌ಗೆ ಗಿಟ್‌ಹಬ್ ಹೊಸ ಇಮೇಲ್ ಕಳಿಸುವುದಿಲ್ಲ. ಹಾಗಾಗಿ ಇಮೇಲ್‌ನಲ್ಲಿ ಇರುವುದು ಮೊದಲ ಸಲದ ಸ್ಟೇಟಸ್ ಮಾತ್ರ. ಇನ್‌ಬಾಕ್ಸ್‌ನಿಂದ ನೇರವಾಗಿ ಪ್ರಿವ್ಯೂಗೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಪುಲ್ ರಿಕ್ವೆಸ್ಟ್ ಪುಟವನ್ನು ರಿಫ್ರೆಶ್ ಮಾಡಿಕೊಂಡು ಅಲ್ಲಿಂದ ಹೋಗಿ.

ಹಸಿರು ಟಿಕ್ ಅಂದರೆ ಆ ಕಮಿಟ್‌ನ ಬಿಲ್ಡ್ ಮುಗಿದು ಪುಟ ಮೇಲೇರಿದೆ, ಅಷ್ಟೇ. ಫಾರ್ಮ್ ಕೆಲಸ ಮಾಡುತ್ತದೆ ಅಂತ ಅದು ಹೇಳುವುದಿಲ್ಲ. ಕೆಂಪು ಇದ್ದರೆ ಬಿಲ್ಡ್ ಲಾಗ್ ತೆರೆದು ಕೊನೆಯ ಕೆಲವು ಸಾಲು ಓದಿ, ಕಾರಣ ಬಹುತೇಕ ಅಲ್ಲೇ ಇರುತ್ತದೆ. ತುಂಬಾ ಜನ ಗಮನಿಸದೇ ಹೋಗುವುದು ಮೂರನೆಯ ಬಗೆಯನ್ನು: `Skipped` ಅಥವಾ `Canceled`. ಒಂದೇ ರೆಪೊದಲ್ಲಿ ಹಲವು ಪ್ರಾಜೆಕ್ಟ್ ಇದ್ದಾಗ, "ಈ ಫೋಲ್ಡರ್‌ನಲ್ಲಿ ಏನೂ ಬದಲಾಗಿಲ್ಲ, ಬಿಲ್ಡ್ ಬೇಡ" ಅಂತ ನಿಯಮ ಹಾಕಿರುತ್ತಾರೆ. ಆದರೆ ಬದಲಾವಣೆ ಎಲ್ಲರೂ ಬಳಸುವ ಪ್ಯಾಕೇಜ್‌ನಲ್ಲಿ ಆಗಿದ್ದು, ಆ ಫೋಲ್ಡರ್ ನಿಯಮದಲ್ಲಿ ಇಲ್ಲದಿದ್ದರೆ? ಹೊಸ ಬಿಲ್ಡ್ ಆಗುವುದೇ ಇಲ್ಲ. ಕೆಂಪೂ ಕಾಣುವುದಿಲ್ಲ. ಲಿಂಕ್ ಮಾತ್ರ ಹಳೆಯದನ್ನು ತೋರಿಸುತ್ತಾ ಇರುತ್ತದೆ.

ಲಿಂಕ್ ಎರಡು ಬಗೆ

ಈ ಸೇವೆಗಳು ಒಂದೇ ಬದಲಾವಣೆಗೆ ಎರಡು ಥರದ ವಿಳಾಸ ಕೊಡುತ್ತವೆ. ಒಂದು ಬ್ರಾಂಚ್‌ನದು ಅಥವಾ ಪುಲ್ ರಿಕ್ವೆಸ್ಟ್‌ನದು. ನೆಟ್ಲಿಫೈನಲ್ಲಿ ಅದು `deploy-preview-218--` ಅಂತ ಶುರುವಾಗುತ್ತದೆ, ವರ್ಸೆಲ್‌ನಲ್ಲಿ ನಡುವೆ `-git-` ಅಂತ ಬಂದು ಬ್ರಾಂಚ್ ಹೆಸರು ಇರುತ್ತದೆ. ಇದು ಸ್ಥಿರವಾದ ವಿಳಾಸ, ಆದರೆ ಒಳಗಿನದು ಬದಲಾಗುತ್ತಿರುತ್ತದೆ. ಕೊನೆಯ ಸಲ ಯಾವುದು ಪಾಸ್ ಆಯಿತೋ ಅದನ್ನು ತೋರಿಸುತ್ತದೆ. ಇನ್ನೊಂದು ಆ ಒಂದು ಬಿಲ್ಡ್‌ಗೇ ಸೇರಿದ ವಿಳಾಸ, ಅದರಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿಗಳ ಗುಚ್ಛ ಇರುತ್ತದೆ. ಅದು ಯಾವತ್ತೂ ಬೇರೆ ಕೋಡ್ ತೋರಿಸುವುದಿಲ್ಲ.

218ರಲ್ಲಿ ಆದದ್ದು ಇದೇ. `7be2d35` ಫೇಲ್ ಆದದ್ದರಿಂದ ಬ್ರಾಂಚ್ ವಿಳಾಸ `a41f09c` ಮೇಲೇ ನಿಂತಿತ್ತು. ಅಲ್ಲಿ ತಾರೀಖು ಸರಿಯಾಗಿಯೇ ಕಾಣುತ್ತದೆ. ನೋಡಿದವರು ಸುಳ್ಳು ಹೇಳಿಲ್ಲ, ಆದರೆ ಅವರು ನೋಡಿದ್ದು ಮರ್ಜ್ ಆಗುವ ಕೋಡ್ ಅಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಬಿಲ್ಡ್ ಆಗುವಾಗಲೇ ಕಮಿಟ್ ಐಡಿಯನ್ನು ಪುಟದೊಳಗೆ ಬರೆದುಬಿಡಿ. ಐಡಿ ಇರುವ ವೇರಿಯಬಲ್ ವರ್ಸೆಲ್‌ನಲ್ಲಿ `VERCEL_GIT_COMMIT_SHA`, ನೆಟ್ಲಿಫೈನಲ್ಲಿ `COMMIT_REF`, ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ `CF_PAGES_COMMIT_SHA`. ಅದನ್ನು ಓದಿ ಹೆಡ್ ಭಾಗದಲ್ಲಿ ಹೀಗೆ ಹಾಕಿದರೆ ಸಾಕು:

```html
<meta name="build-sha" content="a41f09c">
```

ಆಮೇಲೆ ಪುಲ್ ರಿಕ್ವೆಸ್ಟ್‌ನ ತುದಿಯ ಕಮಿಟ್ ಯಾವುದು ಅಂತ ಕೇಳಿ:

```
gh pr view 218 --json headRefOid --jq .headRefOid
```

ಪ್ರಿವ್ಯೂ ಪುಟದ ಸೋರ್ಸ್ ತೆರೆದು `build-sha` ಹುಡುಕಿ, ಎರಡನ್ನೂ ಹೋಲಿಸಿ. ಮೊದಲ ಏಳು ಅಕ್ಷರ ಹೊಂದಿದರೆ ಸಾಕು. ಹೊಂದದಿದ್ದರೆ ರಿವ್ಯೂ ಅಲ್ಲಿಗೇ ನಿಲ್ಲಿಸಿ, ಬರೆದವರಿಗೆ ತಿಳಿಸಿ. ಸೋರ್ಸನ್ನು ಬ್ರೌಸರ್‌ನಲ್ಲೇ ನೋಡುವುದು ಒಳ್ಳೆಯದು. ಪ್ರಿವ್ಯೂಗೆ ಲಾಗಿನ್ ರಕ್ಷಣೆ ಇದ್ದರೆ `curl` ಹಾಕಿದಾಗ ಲಾಗಿನ್ ಪುಟವೇ ಬರುತ್ತದೆ.

"ಪ್ರಿವ್ಯೂನಲ್ಲಿ ಮಾತ್ರ ಫೇಲ್, ಪರವಾಗಿಲ್ಲ"

`7be2d35` ಯಾಕೆ ಫೇಲ್ ಆಯಿತು? ಅದು ಹೊಸ ಎನ್ವಿರಾನ್ಮೆಂಟ್ ವೇರಿಯಬಲ್ ಒಂದನ್ನು ಓದುತ್ತಿತ್ತು. ಆ ವೇರಿಯಬಲನ್ನು ಪ್ರೊಡಕ್ಷನ್‌ಗೆ ಮಾತ್ರ ಹಾಕಿದ್ದರು, ಪ್ರಿವ್ಯೂಗೆ ಹಾಕಿರಲಿಲ್ಲ. ಲಾಗ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಇಂಥ ಕಡೆ "ಇದು ಸೆಟ್ಟಿಂಗ್ ಸಮಸ್ಯೆ, ಕೋಡ್‌ದಲ್ಲ" ಅಂತ ಕೆಂಪನ್ನು ಬಿಟ್ಟು ಮುಂದೆ ಹೋಗುವುದು ಸಾಮಾನ್ಯ. ನನ್ನ ಪ್ರಕಾರ ಹಸಿರು ಇದ್ದಾಗ ಆಗುವ ತಪ್ಪಿಗಿಂತ ಇದು ಅಪಾಯ. ಯಾಕಂದರೆ ಮರ್ಜ್ ಆದ ಮೇಲೆ ಪ್ರೊಡಕ್ಷನ್ ಬಿಲ್ಡ್ ಆರಾಮಾಗಿ ಪಾಸ್ ಆಗುತ್ತದೆ. ಆಗ ಯಾರೂ ಒಂದು ಸಲವೂ ಕಣ್ಣಾರೆ ನೋಡದ ಕೋಡ್ ನೇರವಾಗಿ ಬಳಕೆದಾರರ ಮುಂದೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಕ್ಲೀನಪ್ ತಾರೀಖಿನ ಹೆಲ್ಪರ್ ಫಂಕ್ಷನನ್ನು ಮುಟ್ಟಿತ್ತು, `toISOString()` ಮತ್ತೆ ಒಳಗೆ ಬಂದಿತ್ತು.

ಹಾಗಾಗಿ ವೇರಿಯಬಲನ್ನು ಪ್ರಿವ್ಯೂಗೂ ಸೇರಿಸಿ. ಸೇರಿಸಿದರೆ ಹಳೆಯ ಬಿಲ್ಡ್ ತಾನಾಗಿ ಸರಿಹೋಗುವುದಿಲ್ಲ, ಮತ್ತೆ ಡಿಪ್ಲಾಯ್ ಮಾಡಲೇಬೇಕು. `VITE_` ಅಥವಾ `NEXT_PUBLIC_` ಅಂತ ಶುರುವಾಗುವ ವೇರಿಯಬಲ್‌ಗಳ ಬೆಲೆ ಬಿಲ್ಡ್ ಹೊತ್ತಿಗೇ ಜಾವಾಸ್ಕ್ರಿಪ್ಟ್ ಫೈಲ್‌ನೊಳಗೆ ಕೂತುಬಿಡುತ್ತದೆ ಅನ್ನುವುದು ನೆನಪಿರಲಿ.

ಪುಟದಲ್ಲಿ ನೋಡಬೇಕಾದ್ದು

ಫಾರ್ಮ್ ತುಂಬುವ ಮುಂಚೆ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಡಿ. ಸೇವ್ ಒತ್ತುವ ಮೊದಲು, ಪುಟ ಡೇಟಾ ತರಲು ಯಾವ ವಿಳಾಸಕ್ಕೆ ಹೋಗುತ್ತಿದೆ ನೋಡಿ. ಅಲ್ಲಿ ಪ್ರೊಡಕ್ಷನ್ ಎಪಿಐ ಹೆಸರು ಕಂಡರೆ ಏನನ್ನೂ ಸಬ್ಮಿಟ್ ಮಾಡಬೇಡಿ. ಪ್ರಿವ್ಯೂ ಅಂದರೆ ಡೇಟಾಬೇಸ್ ಕೂಡ ಬೇರೆ ಅಂತ ಎಲ್ಲೂ ಖಾತ್ರಿ ಇಲ್ಲ, ಅದು ತಂಡ ಹೇಗೆ ಹೊಂದಿಸಿದೆ ಅನ್ನುವುದರ ಮೇಲೆ ಇದೆ. ನೀವು ಪರೀಕ್ಷೆಗೆ ಮಾಡಿದ ಬುಕಿಂಗ್ ನಿಜವಾದ ಬುಕಿಂಗ್ ಆಗಿಬಿಡಬಹುದು.

ಆಮೇಲೆ ಬದಲಾದ ವಿಷಯಕ್ಕೆ ನೇರವಾಗಿ ಕೈ ಹಾಕಿ. 218ಕ್ಕೆ ಅಂದರೆ ತಿಂಗಳ 1ನೇ ತಾರೀಖು ಆರಿಸಿ ಸೇವ್ ಮಾಡುವುದು, ಪುಟ ರಿಫ್ರೆಶ್ ಮಾಡಿ ಅದೇ ತಾರೀಖು ಇದೆಯಾ ನೋಡುವುದು. ಟೈಮ್‌ಝೋನ್ ಬದಲಿಸಿಯೂ ನೋಡಬೇಕು. ಕ್ರೋಮ್ ಡೆವ್‌ಟೂಲ್ಸ್‌ನ `Sensors` ಪ್ಯಾನೆಲ್‌ನಲ್ಲಿ ಬೇರೆ ಊರನ್ನು ಆರಿಸಿದರೆ ಟೈಮ್‌ಝೋನೂ ಬದಲಾಗುತ್ತದೆ. ಟೋಕಿಯೊ ಒಂದು, ಸ್ಯಾನ್ ಫ್ರಾನ್ಸಿಸ್ಕೊ ಒಂದು, ಎರಡು ದಿಕ್ಕಿಗೂ ಪರೀಕ್ಷೆ ಆಗುತ್ತದೆ. ಟೆಸ್ಟ್‌ಗಳು ಇದನ್ನು ಹಿಡಿಯಲ್ವಾ? ಹಿಡಿಯದೇ ಇರಬಹುದು. ಗಿಟ್‌ಹಬ್ ಕೊಡುವ ರನ್ನರ್ ಯಂತ್ರಗಳ ಗಡಿಯಾರ ಯುಟಿಸಿಯಲ್ಲಿದೆ. ಅಲ್ಲಿ ಸ್ಥಳೀಯ ಮಧ್ಯರಾತ್ರಿ ಮತ್ತು ಯುಟಿಸಿ ಮಧ್ಯರಾತ್ರಿ ಒಂದೇ, ತಪ್ಪು ಇದ್ದರೂ ಟೆಸ್ಟ್ ಪಾಸ್. ಮನುಷ್ಯರು ಪ್ರಿವ್ಯೂ ತೆರೆದು ನೋಡಬೇಕಾದ್ದು ಇಂಥದ್ದಕ್ಕೇ.

ಒಳಗಿನ ಪುಟದ ವಿಳಾಸವನ್ನು ಹೊಸ ಟ್ಯಾಬ್‌ನಲ್ಲಿ ನೇರವಾಗಿ ಹಾಕಿ ತೆರೆಯುವುದನ್ನೂ ಬಿಡಬೇಡಿ. ಸಿಂಗಲ್ ಪೇಜ್ ಆ್ಯಪ್‌ಗಳಲ್ಲಿ ಕ್ಲಿಕ್ ಮಾಡಿ ಹೋದರೆ ಸರಿಯಾಗಿದ್ದು, ನೇರವಾಗಿ ಹೋದರೆ 404 ಬರುವುದು ಮಾಮೂಲು. ಇನ್ನು, ಬೇರೆ ಸೇವೆಯ ಖಾತೆ ಬಳಸಿ ಲಾಗಿನ್ ಆಗುವ ಬಟನ್ ಪ್ರಿವ್ಯೂನಲ್ಲಿ ಕೆಲಸ ಮಾಡದಿದ್ದರೆ ಕೂಡಲೇ ಕೋಡ್ ಮೇಲೆ ತಪ್ಪು ಹೊರಿಸಬೇಡಿ. ಲಾಗಿನ್ ಸೇವೆಯಲ್ಲಿ ನೋಂದಾಯಿಸಿದ ಮರಳುವ ವಿಳಾಸಗಳ ಪಟ್ಟಿಯಲ್ಲಿ ಪ್ರಿವ್ಯೂ ವಿಳಾಸ ಇಲ್ಲದಿದ್ದರೂ ಹಾಗಾಗುತ್ತದೆ.

ಟೆಸ್ಟ್ ನೋಡಿದ್ದು ಒಂದು, ನೀವು ನೋಡಿದ್ದು ಇನ್ನೊಂದು

ಗಿಟ್‌ಹಬ್ ಆ್ಯಕ್ಷನ್ಸ್ `pull_request` ಘಟನೆಗೆ ಓಡುವಾಗ, ಬೇರೆ ಹೇಳದಿದ್ದರೆ `refs/pull/218/merge` ಅನ್ನು ತೆಗೆದುಕೊಳ್ಳುತ್ತದೆ. ಅಂದರೆ ನಿಮ್ಮ ಬ್ರಾಂಚ್ ಮತ್ತು ಮೇನ್ ಎರಡನ್ನೂ ಸೇರಿಸಿದ ಕೋಡ್. ಪ್ರಿವ್ಯೂ ಸೇವೆಗಳು ಸಾಮಾನ್ಯವಾಗಿ ಬ್ರಾಂಚ್‌ನ ತುದಿಯನ್ನು ಮಾತ್ರ ಬಿಲ್ಡ್ ಮಾಡುತ್ತವೆ. ಬ್ರಾಂಚ್ ಹಳೆಯದಾಗಿದ್ದು, ಈ ನಡುವೆ ಮೇನ್‌ನಲ್ಲಿ ಯಾರೋ ಅದೇ ಫಾರ್ಮ್‌ನ ಸಿಎಸ್‌ಎಸ್ ಬದಲಿಸಿದ್ದರೆ, ಪ್ರಿವ್ಯೂನಲ್ಲಿ ಅದು ಕಾಣುವುದೇ ಇಲ್ಲ. ಒಂದೇ ಫೈಲನ್ನು ಇಬ್ಬರೂ ಮುಟ್ಟಿರುವ ಸೂಚನೆ ಇದ್ದರೆ `Update branch` ಒತ್ತಿ. ಹೊಸ ಕಮಿಟ್ ಆಗುತ್ತದೆ, ಹೊಸ ಪ್ರಿವ್ಯೂ ಬರುತ್ತದೆ, ಅದನ್ನು ನೋಡಿ.

ನೋಡಿದ್ದನ್ನು ಬರೆದಿಡುವಾಗ ಸುಮ್ನೆ "ನೋಡಿದೆ, ಚೆನ್ನಾಗಿದೆ" ಅನ್ನಬೇಡಿ. ಕಮಿಟ್ ಐಡಿ, ಆ ಬಿಲ್ಡ್‌ಗೇ ಸೇರಿದ ವಿಳಾಸ, ಏನು ಮಾಡಿದಿರಿ, ಏನು ನೋಡಲಿಲ್ಲ, ಇಷ್ಟನ್ನೂ ಬರೆಯಿರಿ. "`a41f09c` ಮೇಲೆ ಎರಡು ಟೈಮ್‌ಝೋನ್‌ನಲ್ಲಿ 1ನೇ ತಾರೀಖು ಸೇವ್ ಮಾಡಿ ನೋಡಿದೆ, ಸರಿಯಿದೆ. ಮೊಬೈಲ್‌ನಲ್ಲಿ ನೋಡಿಲ್ಲ" ಅಂತ ಇದ್ದರೆ, `7be2d35` ಬಂದ ಕೂಡಲೇ ಆ ಮಾತು ಅದಕ್ಕೆ ಅನ್ವಯಿಸುವುದಿಲ್ಲ ಅಂತ ಓದಿದ ಯಾರಿಗಾದರೂ ಗೊತ್ತಾಗುತ್ತದೆ. ರೆಪೊ ಸೆಟ್ಟಿಂಗ್‌ನ ಬ್ರಾಂಚ್ ರಕ್ಷಣೆಯಲ್ಲಿ, ಹೊಸ ಕಮಿಟ್ ಬಂದರೆ ಹಳೆಯ ಅಪ್ರೂವಲ್ ರದ್ದಾಗುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಪ್ರಿವ್ಯೂ ಚೆಕ್ಕನ್ನೂ ಕಡ್ಡಾಯ ಚೆಕ್‌ಗಳ ಪಟ್ಟಿಗೆ ಸೇರಿಸಿದರೆ, 218 ಕೆಂಪು ಇಟ್ಟುಕೊಂಡು ಮರ್ಜ್ ಆಗಲು ಗಿಟ್‌ಹಬ್ಬೇ ಬಿಡುವುದಿಲ್ಲ.